ಜೂಜಿನ ಸಾಲ ತೀರಿದ ಮೇಲೆ ಸಿಬಿಲ್ ಸರಿ ಮಾಡಿಕೊಂಡ ಬಗೆ

ಆನ್‌ಲೈನ್ ರಮ್ಮಿ ಮತ್ತು ಐಪಿಎಲ್ ಬೆಟ್ಟಿಂಗ್‌ನಿಂದ ಆಗಿದ್ದ ಸಾಲವೆಲ್ಲ ತೀರಿದ ಮೇಲೂ ಯಾವ ಬ್ಯಾಂಕೂ ನನಗೆ ಸಾಲ ಕೊಡಲು ತಯಾರಿರಲಿಲ್ಲ. ಸಾಲ ತೀರಿಸುವುದು ಒಂದು ಕೆಲಸ, ತೀರಿದೆ ಎಂದು ದಾಖಲೆಯಲ್ಲಿ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಈ ಎರಡನೆಯದನ್ನು ನಾನು ಹೇಗೆ ಮಾಡಿದೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಸಾಲ ತೀರಿಸಿದ್ದು ಹೇಗೆ ಅಂದರೆ, ಊರಿನ ಸೈಟು ಮಾರಿದೆವು, ಹೆಂಡತಿಯ ಬಂಗಾರ ಹೋಯಿತು, ಉಳಿದದ್ದು ಕಂತಿನಲ್ಲಿ ಕಟ್ಟಿದೆವು. ಅದರ ಬಗ್ಗೆ ಹೇಳಲು ಹೊಸದೇನಿಲ್ಲ.

ನಾನು ದಾವಣಗೆರೆಯಲ್ಲಿ ಒಂದು ಖಾಸಗಿ ಕಂಪನಿಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಆಗ ಕೈಗೆ ಬರುತ್ತಿದ್ದ ಸಂಬಳ 34,000 ರೂಪಾಯಿ. ಸಾಲ ನಾಲ್ಕು ಬಗೆಯದಿತ್ತು. ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್, ಒಂದು ಕ್ರೆಡಿಟ್ ಕಾರ್ಡ್, ಮೊಬೈಲ್ ಆ್ಯಪ್‌ಗಳ ಸಣ್ಣ ಸಾಲಗಳು, ಮತ್ತೆ ಪರಿಚಯದವರಿಂದ ತಂದ ಕೈಸಾಲ ಹಾಗೂ ಬಡ್ಡಿ ಸಾಲ. ನಾಲ್ಕೂ ತೀರಿದ್ದವು. ಆದರೆ ನಾಲ್ಕೂ ಒಂದೇ ರೀತಿಯಲ್ಲಿ ತೀರಿರಲಿಲ್ಲ ಎಂದು ಗೊತ್ತಾಗಿದ್ದು ರಿಪೋರ್ಟ್ ತೆಗೆದಾಗ.

ಮೊದಲು ರಿಪೋರ್ಟ್

ನಮ್ಮ ಕಡೆ ಎಲ್ಲದಕ್ಕೂ ಸಿಬಿಲ್ ಅಂತಲೇ ಹೇಳುತ್ತೇವೆ. ಆದರೆ ನಮ್ಮ ಸಾಲದ ದಾಖಲೆ ಇಟ್ಟುಕೊಳ್ಳುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕೂ ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಅವರವರ ವೆಬ್‌ಸೈಟಿಗೆ ಹೋಗಿ ಪ್ಯಾನ್ ನಂಬರ್, ಮೊಬೈಲ್ ನಂಬರ್ ಕೊಟ್ಟರೆ ಸಿಗುತ್ತದೆ. ಪೇಜಿನಲ್ಲಿ ದುಡ್ಡು ಕೊಡುವ ಪ್ಲಾನ್‌ಗಳೇ ದೊಡ್ಡದಾಗಿ ಕಾಣಿಸುತ್ತವೆ, ಪುಕ್ಕಟೆಯದು ಮೂಲೆಯಲ್ಲಿರುತ್ತದೆ. ಹುಡುಕಬೇಕು. ನಮ್ಮ ರಿಪೋರ್ಟನ್ನು ನಾವೇ ನೋಡಿದರೆ ಸ್ಕೋರ್ ಕಡಿಮೆಯಾಗುತ್ತದೆ ಅನ್ನುವ ಭಯ ಬೇಡ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ತೆಗೆದು ನೋಡುತ್ತಾರಲ್ಲ, ಲೆಕ್ಕಕ್ಕೆ ಬರುವುದು ಅದು.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ನನ್ನದು 600ರ ಕೆಳಗಿತ್ತು. ಅದನ್ನು ನೋಡಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಒಳಗಿನ ಪುಟಗಳನ್ನು ಓದುವುದು ಮುಖ್ಯ. ಒಂದೊಂದು ಸಾಲಕ್ಕೂ ಒಂದೊಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ ನಾನು ನೋಡಿದ್ದು ನಾಲ್ಕೇ ಸಾಲು: ಬಾಕಿ ಎಷ್ಟು ಅನ್ನುವ Current Balance, ವಾಯಿದೆ ಮೀರಿದ ದುಡ್ಡು ಎಷ್ಟು ಅನ್ನುವ Amount Overdue, ಸಾಲದ ಸ್ಥಿತಿ, ಮತ್ತೆ ತಿಂಗಳು ತಿಂಗಳಿನ DPD. ಕಂತು ಎಷ್ಟು ದಿನ ತಡವಾಯಿತು ಅನ್ನುವುದೇ ಈ DPD. 000 ಇದ್ದರೆ ಸರಿಯಾದ ದಿನಕ್ಕೆ ಕಟ್ಟಿದ್ದೀರಿ, 060 ಇದ್ದರೆ ಅರವತ್ತು ದಿನ ತಡ. ಕಳೆದ 36 ತಿಂಗಳಿನದು ಅಲ್ಲಿ ಸಾಲಾಗಿ ಕಾಣುತ್ತದೆ. ನನ್ನ ಸಾಲುಗಳಲ್ಲಿ 000 ಇಲ್ಲದ ತಿಂಗಳೇ ಜಾಸ್ತಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಜವಾಗಿ ತಡವಾದ ಕಂತಿನ ದಾಖಲೆಯನ್ನು ಯಾರೂ ಅಳಿಸಲು ಆಗುವುದಿಲ್ಲ. ಐದು ಸಾವಿರ ಕೊಡಿ, ಹತ್ತು ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಸುತ್ತೇವೆ ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಅವರು ಮಾಡುವುದೂ ನಾವೇ ಪುಕ್ಕಟೆ ಹಾಕಬಹುದಾದ ಅರ್ಜಿಯನ್ನೇ. ತಪ್ಪಾಗಿ ದಾಖಲಾಗಿದ್ದರೆ ಅದು ಸರಿಹೋಗುತ್ತದೆ. ಸರಿಯಾಗಿ ದಾಖಲಾದದ್ದು ಹಳೆಯದಾಗಬೇಕು, ಅಷ್ಟೇ.

ನನ್ನ ರಿಪೋರ್ಟಿನಲ್ಲಿ ತಪ್ಪು ಇದ್ದದ್ದು ಆ್ಯಪ್ ಸಾಲದಲ್ಲಿ. ಅದನ್ನು ಗುರುತಿಸುವುದೇ ಕಷ್ಟವಾಯಿತು, ಯಾಕೆಂದರೆ ರಿಪೋರ್ಟಿನಲ್ಲಿ ಆ್ಯಪ್‌ನ ಹೆಸರು ಬರುವುದಿಲ್ಲ. ಆ್ಯಪ್‌ನ ಹಿಂದೆ ನಿಂತು ದುಡ್ಡು ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು ಬರುತ್ತದೆ. ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಯಾರೋ ನನ್ನ ಪ್ಯಾನ್ ಹಾಕಿ ಸಾಲ ತೆಗೆದಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಆಮೇಲೆ ಸಾಲ ಮಂಜೂರಾದ ತಾರೀಖು ಮತ್ತು ಮೊತ್ತವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ಹೋಲಿಸಿದಾಗ ಯಾವುದು ಯಾವುದರದ್ದು ಎಂದು ತಿಳಿಯಿತು. ಒಂದು ಸಾಲ ಪೂರ್ತಿ ಕಟ್ಟಿ ತಿಂಗಳುಗಳಾದರೂ ಅದರಲ್ಲಿ 1,140 ರೂಪಾಯಿ ಓವರ್‌ಡ್ಯೂ ತೋರಿಸುತ್ತಿತ್ತು.

ಇದಕ್ಕೆ ಡಿಸ್ಪ್ಯೂಟ್, ಅಂದರೆ ದಾಖಲೆ ತಪ್ಪಿದೆ ಅನ್ನುವ ತಕರಾರು ಹಾಕಬೇಕು. ರಿಪೋರ್ಟ್ ಕೊಡುವ ಕಂಪನಿಯ ವೆಬ್‌ಸೈಟಿನಲ್ಲೇ ಅದಕ್ಕೆ ಜಾಗ ಇದೆ, ಶುಲ್ಕ ಇಲ್ಲ. ಆದರೆ ಅವರು ತಾವಾಗಿಯೇ ಏನನ್ನೂ ತಿದ್ದುವುದಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತಾರೆ, ಅವರು ಹೌದು ಎಂದರೆ ತಿದ್ದುತ್ತಾರೆ. ಅದಕ್ಕೇ ನಾನು ಎರಡೂ ಕಡೆ ಒಟ್ಟಿಗೆ ಬರೆದೆ. ಫೈನಾನ್ಸ್ ಕಂಪನಿಯ ದೂರು ವಿಭಾಗಕ್ಕೆ ಕೊನೆಯ ಪಾವತಿಯ ಯುಟಿಆರ್ ನಂಬರ್ ಮತ್ತು ನೋ ಡ್ಯೂ ಸರ್ಟಿಫಿಕೇಟ್ ಹಾಕಿ ಇಮೇಲ್ ಮಾಡಿದೆ, ಅದೇ ದಿನ ಡಿಸ್ಪ್ಯೂಟ್ ಕೂಡ ಹಾಕಿದೆ. ಅವರಿಗೆ 30 ದಿನ ಸಮಯ ಇರುತ್ತದೆ. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಇದೆ. ನಾನು ಇಮೇಲಿನ ಕೊನೆಯ ಸಾಲಿನಲ್ಲಿ ಇದನ್ನು ಸುಮ್ನೆ ಒಂದು ಮಾತಿನಂತೆ ಬರೆದಿದ್ದೆ. ಅದರಿಂದ ಕೆಲಸ ಬೇಗ ಆಯಿತೋ ಏನೋ, ಅಂತೂ ಗಡುವಿನ ಒಳಗೆ ಸರಿಹೋಯಿತು. ಆಗದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಸಿಬಿಲ್‌ನಲ್ಲಿ ಸರಿಯಾದರೆ ಎಲ್ಲ ಕಡೆ ಸರಿಯಾಯಿತು ಎಂದು ಬಿಡಬೇಡಿ. ಉಳಿದ ಮೂರರಲ್ಲೂ ನೋಡಿ. ನನ್ನ ಸಾಲ ಒಂದರಲ್ಲಿ ಸರಿಹೋಗಿ ಇನ್ನೊಂದರಲ್ಲಿ ಹಾಗೇ ಉಳಿದಿತ್ತು.

ಇನ್ನೊಂದು ವಿಷಯ ರಿಪೋರ್ಟ್ ನೋಡುವವರೆಗೂ ಹೊಳೆದಿರಲಿಲ್ಲ. ಪರ್ಸನಲ್ ಲೋನಿಗೆ ನನ್ನ ಭಾವ ಜಾಮೀನು ಹಾಕಿದ್ದರು. ಹಾಗಾಗಿ ಅದೇ ಸಾಲ ಅವರ ರಿಪೋರ್ಟಿನಲ್ಲೂ ಇತ್ತು. ಅವರ ಮನೆಗೆ ಹೋಗಿ, ಅವರದ್ದನ್ನೂ ತೆಗೆಸಿ, ಅಲ್ಲಿ Closed ಎಂದು ಬಂದಿದೆಯೇ ಎಂದು ಇಬ್ಬರೂ ಕೂತು ನೋಡಿದೆವು. ಬಂದಿತ್ತು. ನಿಮ್ಮ ಸಾಲಕ್ಕೆ ಯಾರಾದರೂ ಸಹಿ ಹಾಕಿದ್ದರೆ ಇದನ್ನು ಮರೆಯಬೇಡಿ. ಅವರಾಗಿಯೇ ಕೇಳುವುದಿಲ್ಲ.

ಕೊಟ್ಟ ಚೆಕ್ಕು, ಬಾಂಡು

ಕೈಸಾಲ, ಬಡ್ಡಿ ಸಾಲ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಆದರೆ ಅದರ ಬಾಲ ಉದ್ದ. ಬಡ್ಡಿಗೆ ಕೊಡುವವರು ಸಹಿ ಮಾಡಿದ ಖಾಲಿ ಚೆಕ್ಕು, ಬಾಂಡ್ ಪೇಪರ್ ಇಟ್ಟುಕೊಂಡಿರುತ್ತಾರೆ. ದುಡ್ಡು ಮುಟ್ಟಿದ ದಿನವೇ ಅದನ್ನು ವಾಪಸ್ ತೆಗೆದುಕೊಳ್ಳಬೇಕು. ನನಗೆ ಇಬ್ಬರು ಕೊಟ್ಟರು. ಒಬ್ಬರು ಮಾತ್ರ ಎಲ್ಲಿಟ್ಟಿದ್ದೇನೋ ಸಿಗುತ್ತಿಲ್ಲ ಮಾರಾಯ, ಸಿಕ್ಕರೆ ಹರಿದು ಹಾಕುತ್ತೇನೆ ಎಂದರು. ಅಂಥವರಿಂದ ಪೂರ್ತಿ ಮುಟ್ಟಿದೆ, ಇಂಥ ನಂಬರಿನ ಚೆಕ್ಕು ಕಳೆದಿದೆ ಎಂದು ಬರೆಸಿ ಸಹಿ ಮಾಡಿಸಿಕೊಳ್ಳಿ. ಆ ನಂಬರಿಗೆ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಕೊಡಿ. ಸ್ಟಾಪ್ ಪೇಮೆಂಟ್ ಒಂದನ್ನೇ ನಂಬಿ ಕೂರಬೇಡಿ. ಚೆಕ್ ಬೌನ್ಸ್ ಕೇಸು ಬಂದರೆ ಕೈ ಹಿಡಿಯುವುದು ದುಡ್ಡು ಮುಟ್ಟಿದ್ದಕ್ಕೆ ಇರುವ ಬರಹ ಮತ್ತು ಬ್ಯಾಂಕ್ ಎಂಟ್ರಿ.

ಹಾಗೆಯೇ ತೀರಿದ ಸಾಲಗಳ ಆಟೋ ಡೆಬಿಟ್ ಮ್ಯಾಂಡೇಟ್‌ಗಳು ಖಾತೆಯಲ್ಲಿ ಹಾಗೇ ಉಳಿದಿರುತ್ತವೆ. ನೆಟ್ ಬ್ಯಾಂಕಿಂಗ್‌ನಲ್ಲಿ ಒಂದು ಕಡೆ, ಯುಪಿಐ ಆ್ಯಪ್‌ನ ಆಟೋಪೇಯಲ್ಲಿ ಇನ್ನೊಂದು ಕಡೆ. ಎರಡನ್ನೂ ತೆರೆದು ರದ್ದು ಮಾಡಿದೆ.

Settled ಅನ್ನುವ ಗಂಟು

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕ್ರೆಡಿಟ್ ಕಾರ್ಡ್. ಬಾಕಿ 84,000 ಆಗಿತ್ತು. ವಸೂಲಿಯವರು ಬಂದು 38,000 ಕಟ್ಟಿ, ಮುಗಿಸಿಬಿಡೋಣ ಎಂದರು. ಕಟ್ಟಿದೆವು. ಪತ್ರವೂ ಬಂತು. ನಮ್ಮ ಲೆಕ್ಕದಲ್ಲಿ ಅದು ಮುಗಿದ ಸಾಲ. ರಿಪೋರ್ಟಿನಲ್ಲಿ ಮಾತ್ರ Settled ಎಂದು ಬಂದಿತ್ತು. ಬ್ಯಾಂಕ್ ಭಾಷೆಯಲ್ಲಿ ಅದರ ಅರ್ಥ, ಇವರು ಪೂರ್ತಿ ಕೊಟ್ಟಿಲ್ಲ, ನಾವು ಉಳಿದದ್ದನ್ನು ಬಿಟ್ಟುಕೊಟ್ಟೆವು ಎಂದು. ಮುಂದಿನ ಸಾಲ ಕೊಡುವವರು ಸ್ಕೋರ್ ನೋಡುವ ಮೊದಲು ಈ ಪದವನ್ನು ನೋಡುತ್ತಾರೆ. ನಮ್ಮ ಸಂಬಳ ಬರುವ ಬ್ಯಾಂಕಿನ ಅಧಿಕಾರಿ ಇದನ್ನು ನೇರವಾಗಿಯೇ ಹೇಳಿದರು: “ನೋಡಿ ಸರ್, ಸ್ಕೋರ್ ಸ್ವಲ್ಪ ಕಮ್ಮಿ ಇದ್ರೂ ಮೇಲಿನವರ ಹತ್ರ ಮಾತಾಡಬಹುದು. ಇದು ಕ್ಲೋಸ್ ಆಗದೆ ಫೈಲ್ ಮುಂದಕ್ಕೆ ಹೋಗಲ್ಲ.”

ಹಾಗಾದರೆ ಬಿಟ್ಟುಕೊಟ್ಟ 46,000ವನ್ನು ಈಗ ಕಟ್ಟಬೇಕೇ? ನಾನು ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದು ಮೊದಲು ವಿವರ ಕೇಳಿದೆ. 84,000ದಲ್ಲಿ ನಾನು ನಿಜವಾಗಿ ಖರ್ಚು ಮಾಡಿದ್ದು 59,000. ಉಳಿದ 25,000 ಬಡ್ಡಿ, ತಡದ ಶುಲ್ಕ, ಅದರ ಮೇಲಿನ ಜಿಎಸ್‌ಟಿ. ನಾನು 38,000 ಕಟ್ಟಿದ್ದರಿಂದ ಅಸಲಿನಲ್ಲಿ ಉಳಿದದ್ದು 21,000. ಈ ಲೆಕ್ಕ ಕೈಯಲ್ಲಿಟ್ಟುಕೊಂಡು, ಅಸಲಿನ ಬಾಕಿ ಪೂರ್ತಿ ಕೊಡುತ್ತೇನೆ, ಶುಲ್ಕ ಬಿಟ್ಟು Closed ಎಂದು ಬದಲಿಸಿ ಎಂದು ಕೇಳಿದೆ. ಅವರು ಪೂರ್ತಿ ಬಿಡಲಿಲ್ಲ. 27,000ಕ್ಕೆ ಒಪ್ಪಿದರು. ಇದು ಬ್ಯಾಂಕಿನ ಮರ್ಜಿ. ಕೆಲವರು ಪೂರ್ತಿ 46,000 ಕೊಡಿ ಎಂದೇ ಹೇಳಬಹುದು. ಕೇಳುವುದಕ್ಕೆ ಖರ್ಚಿಲ್ಲ.

ಇಲ್ಲಿ ಕ್ರಮ ಮುಖ್ಯ. ಇಂಥ ಒಪ್ಪಿಗೆ ಪತ್ರಕ್ಕೆ ವಾಯಿದೆ ಇರುತ್ತದೆ, ಅಷ್ಟರೊಳಗೆ ಕಟ್ಟದಿದ್ದರೆ ಮತ್ತೆ ಮೊದಲಿನಿಂದ ಮಾತು. ಅದಕ್ಕೆ ನಾನು ಮೊತ್ತ ಎಷ್ಟಾಗಬಹುದು ಎಂದು ಮಾತಿನಲ್ಲಿ ತಿಳಿದುಕೊಂಡು, ತಿಂಗಳಿಗೆ 3,000ದಂತೆ ಒಂಬತ್ತು ತಿಂಗಳು ಕೂಡಿಟ್ಟೆ. ದುಡ್ಡು ಕೂಡಿದ ಮೇಲೆ ಪತ್ರ ಕೇಳಿದೆ. ಪತ್ರದಲ್ಲಿ ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮತ್ತು ಕಟ್ಟಿದ ಮೇಲೆ ಸ್ಥಿತಿಯನ್ನು Closed ಎಂದು ವರದಿ ಮಾಡುತ್ತೇವೆ ಅನ್ನುವ ವಾಕ್ಯ, ಈ ಮೂರೂ ಇರುವವರೆಗೆ ಒಂದು ರೂಪಾಯಿಯನ್ನೂ ಕಳಿಸಲಿಲ್ಲ. ಕಳಿಸಿದ್ದು ಕಾರ್ಡ್ ಖಾತೆಗೇ. ಏಜೆಂಟರ ಯುಪಿಐಗೆ ಯಾವ ಕಾರಣಕ್ಕೂ ಹಾಕಬೇಡಿ.

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. ಹಾಗಾಗಿ ಬದಲಾವಣೆ ಕಾಣಲು ಮೊದಲಿನಷ್ಟು ಕಾಯಬೇಕಿಲ್ಲ. ಮುಂದಿನ ತಿಂಗಳ ರಿಪೋರ್ಟಿನಲ್ಲಿ Closed ಬಂತು. ತಡವಾದ ತಿಂಗಳುಗಳ DPD ಅಂಕಿಗಳು ಹಾಗೇ ಉಳಿದವು. ಅವು ನಿಜ, ಅಲ್ವಾ? ಇರಲಿ.

34,000 ಎಲ್ಲಿಗೆ ಹೋಗುತ್ತದೆ

ಸಾಲದ ಕಂತು ನಿಂತ ಮೊದಲ ತಿಂಗಳು ನನ್ನ ಖಾತೆಯಲ್ಲಿ ಹನ್ನೊಂದು ಸಾವಿರ ಜಾಸ್ತಿ ಉಳಿಯಿತು. ಬೇರೆಯವರಿಗೆ ಅದು ಖುಷಿಯ ವಿಷಯ. ಜೂಜು ಬಿಟ್ಟವನಿಗೆ ಹೆಸರಿಲ್ಲದ ದುಡ್ಡು ಅಂದರೆ ಅಪಾಯ. ಒಂದು ಸಾವಿರ ಹಾಕಿ ನೋಡೋಣ, ಹೋದರೆ ಹೋಗಲಿ ಅನ್ನುವ ಮಾತು ತಲೆಗೆ ಬರುವುದು ದುಡ್ಡು ಇಲ್ಲದಾಗ ಅಲ್ಲ, ಸುಮ್ನೆ ಬಿದ್ದಿರುವಾಗ. ಅದಕ್ಕೆ ನಾವು ಕಂತು ನಿಂತಿಲ್ಲ ಎಂದೇ ಅಂದುಕೊಂಡು ನಡೆದೆವು. ಹಳೆಯ ಕಂತು ಕಟ್ ಆಗುತ್ತಿದ್ದ ದಿನವೇ ಅಷ್ಟೇ ದುಡ್ಡು ಬೇರೆ ಬೇರೆ ಹೆಸರಿಗೆ ಹೋಗುತ್ತದೆ.

ಸಂಬಳ 1ನೇ ತಾರೀಖು ಬರುತ್ತದೆ. 2ನೇ ತಾರೀಖಿನೊಳಗೆ ಬಾಡಿಗೆ 8,500. ಮನೆಖರ್ಚಿಗೆ 12,000 ಹೆಂಡತಿಯ ಖಾತೆಗೆ. ಪೋಸ್ಟಾಫೀಸಿನ ಆರ್‌ಡಿಗೆ 5,000. ಆ ಕಾರ್ಡ್ ಬಾಕಿ ತೀರಿಸಲು 3,000. ಮಗಳ ಸ್ಕೂಲ್ ಫೀಸು, ಇನ್ಶೂರೆನ್ಸ್, ಗಾಡಿ ರಿಪೇರಿಯಂಥ ವರ್ಷಕ್ಕೊಮ್ಮೆ ಬಂದು ತಲೆ ಮೇಲೆ ಬೀಳುವ ಖರ್ಚಿಗೆ 2,500. ಉಳಿದ 3,000 ನನ್ನ ಕೈಖರ್ಚು: ಪೆಟ್ರೋಲು, ಚಹಾ, ಮೊಬೈಲ್ ರೀಚಾರ್ಜ್. ಅಲ್ಲಿಗೆ 34,000 ಮುಗಿಯಿತು. 3ನೇ ತಾರೀಖು ಸಂಬಳದ ಖಾತೆ ಹೆಚ್ಚುಕಡಿಮೆ ಖಾಲಿ.

ಪೋಸ್ಟಾಫೀಸಿನ ಆರ್‌ಡಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಬಡ್ಡಿ ಅಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ಮಾಡಿದ ಡೆಪಾಸಿಟ್ಟನ್ನು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿಕೊಂಡೇ ಮುರಿಯಬಹುದು. ಪೋಸ್ಟಾಫೀಸಿನ ಐದು ವರ್ಷದ ಆರ್‌ಡಿಯನ್ನು ಮೂರು ವರ್ಷ ತುಂಬುವವರೆಗೆ ಒಡೆಯುವ ಹಾಗಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ತೆಗೆಯಬಹುದು. ಆ ಕಿಂಡಿಯೂ ಮುಚ್ಚಲಿ ಎಂದು ಖಾತೆಯನ್ನು ಹೆಂಡತಿಯ ಹೆಸರಿನಲ್ಲೇ ಮಾಡಿಸಿದೆವು. ವರ್ಷದ ಖರ್ಚಿನ 2,500 ಮತ್ತು ಕಾರ್ಡ್ ಬಾಕಿಯ 3,000 ಹೋಗುವುದು ಇಬ್ಬರ ಸಹಿ ಇದ್ದರೆ ಮಾತ್ರ ದುಡ್ಡು ತೆಗೆಯಬಹುದಾದ ಜಂಟಿ ಖಾತೆಗೆ. ನಮ್ಮ ಬ್ಯಾಂಕಿನಲ್ಲಿ ಅಂಥ ಖಾತೆಗೆ ಎಟಿಎಂ ಕಾರ್ಡೂ ಇಲ್ಲ, ಯುಪಿಐಯೂ ಇಲ್ಲ. ಇಬ್ಬರೂ ಬ್ಯಾಂಕಿಗೆ ಹೋಗಬೇಕು. ತೊಂದರೆಯೇ, ಆದರೆ ನಮಗೆ ಬೇಕಾದದ್ದು ಆ ತೊಂದರೆಯೇ.

ಎಲ್ಲವನ್ನೂ ಹೆಂಡತಿಯ ಕೈಗೆ ಕೊಟ್ಟುಬಿಡುವುದು ಸುಲಭದ ದಾರಿ ಎಂದು ನನಗೂ ಅನಿಸಿತ್ತು. ಅವಳು ಒಪ್ಪಲಿಲ್ಲ. “ರೀ, ನಿಮ್ಮ ಜೇಬಿಗೆ ಕಾವಲು ಕೂರೋಕೆ ನನ್ನ ಕೈಲಾಗಲ್ಲ. ಮೂರು ಸಾವಿರ ನಿಮ್ದು, ಲೆಕ್ಕ ಕೇಳಲ್ಲ. ಉಳಿದಿದ್ದಕ್ಕೆ ಇಬ್ಬರೂ ಸೇರಿ ಲೆಕ್ಕ ನೋಡೋಣ” ಎಂದಳು. ಅವಳ ಮಾತು ಸರಿ. ಐದು ರೂಪಾಯಿಗೂ ಕೇಳಿ ತೆಗೆದುಕೊಳ್ಳಬೇಕು ಎಂದಾದರೆ ಮನುಷ್ಯ ಮುಚ್ಚಿಡಲು ಶುರುಮಾಡುತ್ತಾನೆ. ಜೂಜಿನವನಿಗೆ ಮುಚ್ಚಿಡುವ ಕಲೆ ಮೊದಲೇ ಬರುತ್ತದೆ.

ಒಂದೇ ಒಂದು ಕಾರ್ಡು

ಹಳೆಯ ಸಾಲಗಳೆಲ್ಲ ಮುಚ್ಚಿದ ಮೇಲೆ ರಿಪೋರ್ಟಿನಲ್ಲಿ ಕೆಟ್ಟದ್ದು ಮಾತ್ರ ಉಳಿಯುತ್ತದೆ, ಹೊಸದಾಗಿ ಒಳ್ಳೆಯದು ಸೇರುವುದಿಲ್ಲ. ಸುಮ್ಮನೆ ಕೂತರೆ ಸ್ಕೋರ್ ಬಹಳ ನಿಧಾನ. ಹಾಗೆಂದು ಸಿಕ್ಕಲ್ಲೆಲ್ಲ ಕಾರ್ಡಿಗೆ ಅರ್ಜಿ ಹಾಕಿದರೆ ತಿರಸ್ಕಾರ ಆಗುತ್ತದೆ, ಒಂದೊಂದು ಅರ್ಜಿಯೂ ಎನ್‌ಕ್ವೈರಿ ಎಂದು ದಾಖಲಾಗಿ ಸ್ಕೋರ್ ಇನ್ನೂ ಇಳಿಯುತ್ತದೆ.

ನಾನು ಮಾಡಿದ್ದು ಎಫ್‌ಡಿ ಮೇಲಿನ ಕಾರ್ಡು. 15,000 ಎಫ್‌ಡಿ ಇಟ್ಟರೆ ಬ್ಯಾಂಕ್ ಅದನ್ನು ಅಡವಾಗಿ ಹಿಡಿದು 12,000 ಮಿತಿಯ ಕ್ರೆಡಿಟ್ ಕಾರ್ಡ್ ಕೊಟ್ಟಿತು. ಸ್ಕೋರ್ ಕಡಿಮೆ ಇದ್ದರೂ ಇದು ಸಿಗುತ್ತದೆ, ಯಾಕೆಂದರೆ ಬ್ಯಾಂಕಿಗೆ ಭಯವಿಲ್ಲ. ರಿಪೋರ್ಟಿಗೆ ಇದು ಮಾಮೂಲಿ ಕಾರ್ಡಿನ ಹಾಗೆಯೇ ಪ್ರತಿ ತಿಂಗಳು ಹೋಗುತ್ತದೆ. ಜೂಜಿನ ಚಟ ಇದ್ದವನಿಗೆ ಮತ್ತೆ ಕ್ರೆಡಿಟ್ ಕಾರ್ಡೇ ಎಂದು ಕೇಳಬಹುದು. ಆಟ ಬಿಟ್ಟ ಹೊಸತರಲ್ಲಿ ಆಗಿದ್ದರೆ ನಾನೂ ಬೇಡ ಎನ್ನುತ್ತಿದ್ದೆ. ಆಟ ನಿಂತು ಒಂದು ವರ್ಷ ಆಗುವವರೆಗೆ ಇದಕ್ಕೆ ಕೈ ಹಾಕಲಿಲ್ಲ. ಕಾರ್ಡ್ ಬಂದ ದಿನವೇ ಅದರ ಕೈಕಾಲು ಕಟ್ಟಿದೆ.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಒಂದೊಂದು ಬಳಕೆಯನ್ನೂ ಆನ್ ಅಥವಾ ಆಫ್ ಮಾಡುವ ಸೌಲಭ್ಯ ಇದೆ. ವಿದೇಶಿ ವ್ಯವಹಾರ ಆಫ್. ಅಕ್ರಮ ಬೆಟ್ಟಿಂಗ್ ಸೈಟುಗಳು ಬಹಳಷ್ಟು ಹೊರದೇಶದವು, ಅದಕ್ಕೇ ಇದು ಮೊದಲು. ಎಟಿಎಂನಲ್ಲಿ ಕ್ಯಾಶ್ ತೆಗೆಯುವುದೂ ಆಫ್, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಜೋಡಿಸಲಿಲ್ಲ. ಅದರಲ್ಲಿ ಹೋಗುವುದು ಎರಡೇ ಬಿಲ್ಲು: ಬೆಸ್ಕಾಂ ಮತ್ತು ಗ್ಯಾಸ್. ಎರಡೂ ಸೇರಿ ತಿಂಗಳಿಗೆ ಎರಡು ಸಾವಿರದ ಒಳಗೆ. ಈ ದುಡ್ಡು ಮನೆಖರ್ಚಿನ 12,000ದಲ್ಲೇ ಸೇರಿದೆ. ಬಿಲ್ ಕಟ್ಟಿದ ದಿನವೇ ಹೆಂಡತಿ ಅಷ್ಟನ್ನು ನನ್ನ ಖಾತೆಗೆ ಹಾಕುತ್ತಾಳೆ.

ಮಿತಿಯ ಮೂವತ್ತು ಪರ್ಸೆಂಟ್ ಮೀರಿ ಬಳಸಬಾರದು ಎಂದು ಹೇಳುತ್ತಾರೆ. 12,000ಕ್ಕೆ ಅದು 3,600. ನಮ್ಮದು ಅದರೊಳಗೇ ಇರುತ್ತದೆ. ಬಳಸದೆ ಬೀರುವಿನಲ್ಲಿ ಇಟ್ಟರೂ ಪ್ರಯೋಜನ ಕಡಿಮೆ. ಸಣ್ಣ ಬಿಲ್ ಬರಬೇಕು, ಪೂರ್ತಿ ಕಟ್ಟಬೇಕು, 000 ದಾಖಲಾಗಬೇಕು.

ಕಟ್ಟುವುದಕ್ಕೆ ಆಟೋ ಡೆಬಿಟ್ ಹಾಕುವಾಗ ಎರಡು ಆಯ್ಕೆ ಬರುತ್ತವೆ: Total Amount Due ಮತ್ತು Minimum Amount Due. ಮೊದಲನೆಯದನ್ನು ಒತ್ತಿ. ಎರಡನೆಯದನ್ನು ಒತ್ತಿದರೆ ಐದು ಪರ್ಸೆಂಟೋ ಎಷ್ಟೋ ಕಟ್ ಆಗಿ, ಉಳಿದದ್ದಕ್ಕೆ ಬಡ್ಡಿ ಓಡುತ್ತಿರುತ್ತದೆ. ಬಿಲ್ ತಾರೀಖನ್ನು ಬದಲಿಸಿಕೊಡಿ ಎಂದು ಬ್ಯಾಂಕಿಗೆ ಕೇಳಬಹುದು. ನಾನು ಕೇಳಿ, ಕಟ್ಟುವ ಕೊನೆಯ ದಿನ 4ನೇ ತಾರೀಖಿಗೆ ಬರುವಂತೆ ಮಾಡಿಕೊಂಡೆ. ಸಂಬಳ 1ಕ್ಕೆ ಬಂದರೆ 4ಕ್ಕೆ ದುಡ್ಡು ಇರುತ್ತದೆ. ಒಂದು ತಿಂಗಳು ಸಂಬಳವೇ 5ಕ್ಕೆ ಬಂತು, ಡೆಬಿಟ್ ಬೌನ್ಸ್ ಆಯಿತು. ಆದರೆ ಕಾರ್ಡಿನ ಬಾಕಿಯನ್ನು ಕೊನೆಯ ದಿನ ಕಳೆದು ಮೂರು ದಿನ ಮೀರಿದ ಮೇಲೆಯೇ ತಡ ಎಂದು ವರದಿ ಮಾಡಬೇಕು ಅನ್ನುವ ನಿಯಮ ಇದೆ. 5ರ ಸಂಜೆಯೇ ಕೈಯಾರೆ ಕಟ್ಟಿದ್ದರಿಂದ ಆ ತಿಂಗಳೂ 000 ಉಳಿಯಿತು. ಆಮೇಲಿಂದ ಆ ಖಾತೆಯಲ್ಲಿ 2,000 ಸದಾ ಇರುವಂತೆ ನೋಡಿಕೊಂಡೆವು.

ಸ್ಕೋರ್ ಏರಿದಾಗ

ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಸ್ಕೋರ್ 700ರ ಹತ್ತಿರ ಬಂದಂತೆ ಫೋನಿಗೆ ಮೆಸೇಜು ಶುರುವಾದವು. ನಿಮಗೆ ಎರಡು ಲಕ್ಷ ಮಂಜೂರಾಗಿದೆ, ಒಂದು ಕ್ಲಿಕ್ ಸಾಕು. ಕಾರ್ಡ್ ಮಿತಿ ಹೆಚ್ಚಿಸಿಕೊಳ್ಳಿ. ಬ್ಯಾಂಕ್ ಆ್ಯಪ್ ತೆರೆದರೆ ಮೊದಲು ಕಾಣುವುದೇ ಅದು. ಆಟದಲ್ಲಿದ್ದಾಗ ಇದೇ ಮೆಸೇಜುಗಳು ನನಗೆ ಆಟದ ಬಂಡವಾಳ. ಸ್ಕೋರ್ ಸರಿಯಾಗುವುದು ಅಂದರೆ ಆ ಬಾಗಿಲು ಮತ್ತೆ ತೆರೆಯುವುದು ಅಂತಲೂ ಹೌದು.

1909ಕ್ಕೆ ಡಿಎನ್‌ಡಿ ಮೆಸೇಜ್ ಕಳಿಸಿದೆ. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬ್ಯಾಂಕಿಗೆ ಬರೆದು, ಸಾಲದ ಆಫರ್ ಕಳಿಸಬೇಡಿ, ಕಾರ್ಡ್ ಮಿತಿ ಹೆಚ್ಚಿಸಬೇಡಿ ಎಂದು ತಿಳಿಸಿದೆ. ನಮ್ಮ ಒಪ್ಪಿಗೆ ಇಲ್ಲದೆ ಮಿತಿ ಹೆಚ್ಚಿಸುವಂತಿಲ್ಲ, ಆದರೂ ಬರಹದಲ್ಲಿ ಇರಲಿ ಎಂದು. ಯುಪಿಐಯ ದಿನದ ಮಿತಿಯನ್ನು 2,000ಕ್ಕೆ ಇಳಿಸಿದೆ. ಸಾಲದ ಆ್ಯಪ್‌ಗಳನ್ನು ಅಳಿಸುವ ಮೊದಲು ಅವುಗಳೊಳಗೆ ಹೋಗಿ ಖಾತೆ ಮುಚ್ಚಿಸಿ, ನನ್ನ ಡೇಟಾ ಅಳಿಸಿ ಎಂದು ಕೋರಿಕೆ ಹಾಕಿದೆ. ಆ್ಯಪನ್ನು ಫೋನಿನಿಂದ ತೆಗೆದ ಮಾತ್ರಕ್ಕೆ ಅಲ್ಲಿನ ಖಾತೆ ಮುಚ್ಚುವುದಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು, ದೊಡ್ಡ ರಮ್ಮಿ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ಅದು ಒಳ್ಳೆಯದೇ ಆಯಿತು. ಆದರೆ ಟೆಲಿಗ್ರಾಂನಲ್ಲಿ ಲಿಂಕ್ ಕಳಿಸುವವರು ನಿಲ್ಲಿಸಿಲ್ಲ. ಅವರು ದುಡ್ಡು ಪಡೆಯುವುದು ಬೇರೆ ಯಾರದೋ ಹೆಸರಿನ ಖಾತೆಗಳಿಗೆ. ಅದಕ್ಕೆ ನಾವು ತಿಂಗಳ ಕೊನೆಯ ಭಾನುವಾರ ನನ್ನ ಸ್ಟೇಟ್‌ಮೆಂಟ್ ಓದುವಾಗ ಗೇಮ್ ಎಂದು ಬರೆದ ಎಂಟ್ರಿ ಹುಡುಕುವುದಿಲ್ಲ. ಗೊತ್ತಿಲ್ಲದ ವ್ಯಕ್ತಿ ಅಥವಾ ಯಾವುದೋ ಟ್ರೇಡರ್ಸ್ ಹೆಸರಿಗೆ 500, 1,000, 2,000ದಂಥ ದುಂಡು ಮೊತ್ತ ಹೋಗಿದೆಯಾ ಎಂದು ನೋಡುತ್ತೇವೆ. ದಿನಸಿ ಅಂಗಡಿಯ ಬಿಲ್ಲು ಅಷ್ಟು ದುಂಡಾಗಿ ಬರುವುದು ಅಪರೂಪ. ಅಂಥದ್ದೊಂದು ಕಂಡರೆ ಅದು ಏನು ಎಂದು ನಾನು ಹೇಳಲೇಬೇಕು ಅನ್ನುವುದು ಒಪ್ಪಂದ. ಮಾರ್ಚ್‌ನಿಂದ ಮೇ, ಅಂದರೆ ಐಪಿಎಲ್ ತಿಂಗಳುಗಳಲ್ಲಿ, ಈ ಓದು ವಾರಕ್ಕೊಮ್ಮೆ.

ಆಸೆ ಕೆರಳಿದಾಗ ದುಡ್ಡಿನ ಬೀಗ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಚಟಗಳಿಗೇ ಶಟ್ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ.

ಆಟದ ಕಾಲದ ಇನ್ನೊಂದು ಬಾಕಿ ಆದಾಯ ತೆರಿಗೆಯಲ್ಲಿರಬಹುದು. ಆನ್‌ಲೈನ್ ಆಟದಲ್ಲಿ ಗೆದ್ದ ನಿವ್ವಳ ಮೊತ್ತಕ್ಕೆ 30 ಪರ್ಸೆಂಟ್ ತೆರಿಗೆ, ಆ್ಯಪ್‌ನವರು ಟಿಡಿಎಸ್ ಹಿಡಿದಿದ್ದರೆ ಅದು ತೆರಿಗೆ ಇಲಾಖೆ ಇಟ್ಟಿರುವ ನಿಮ್ಮ ವರ್ಷದ ವ್ಯವಹಾರದ ಪಟ್ಟಿ, ಅಂದರೆ ಎಐಎಸ್‌ನಲ್ಲಿ ಕಾಣುತ್ತದೆ. ಬೇರೆ ಕಡೆ ಸೋತಿದ್ದೇನೆ ಎಂದು ಅದರಲ್ಲಿ ಕಳೆಯಲು ಬರುವುದಿಲ್ಲ. ತೆರಿಗೆ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಂಡು, ರಿಟರ್ನ್‌ನಲ್ಲಿ ತೋರಿಸಿದ್ದೇವೆಯೇ ಎಂದು ಹೋಲಿಸಿ. ನೋಟಿಸ್ ಬಂದ ಮೇಲೆ ಓಡಾಡುವುದಕ್ಕಿಂತ ಇದು ಸುಲಭ.

ಬೈಕ್ ಸಾಲ

ಕಾರ್ಡ್ ಬಂದು ಎರಡು ವರ್ಷ ದಾಟಿದ ಮೇಲೆ ಹಳೆಯ ಬೈಕ್ ಕೈಕೊಟ್ಟಿತು. ಶೋರೂಮಿನವರು ಅಲ್ಲೇ ಕೂರಿಸಿ ಅರ್ಜಿ ಹಾಕಿಸುತ್ತೇವೆ ಎಂದರು. ಬೇಡ ಎಂದೆ. ಅವರು ಒಂದೇ ದಿನ ನಾಲ್ಕಾರು ಫೈನಾನ್ಸ್‌ಗಳಿಗೆ ಕಳಿಸಿಬಿಟ್ಟರೆ ಅಷ್ಟೂ ಎನ್‌ಕ್ವೈರಿ ನನ್ನ ಹೆಸರಿಗೆ. ಸಂಬಳ ಬರುವ ಬ್ಯಾಂಕ್ ಒಂದರಲ್ಲೇ ಕೇಳಿದೆ. ಆ ಅಧಿಕಾರಿ ಆರು ತಿಂಗಳ ಸ್ಟೇಟ್‌ಮೆಂಟ್ ಸಾಲು ಸಾಲಾಗಿ ನೋಡಿದರು. ಕ್ರೆಡಿಟ್ ರಿಪೋರ್ಟಿನಲ್ಲಿ ಜೂಜು ಎಂದು ಎಲ್ಲೂ ಬರುವುದಿಲ್ಲ, ಆದರೆ ಸ್ಟೇಟ್‌ಮೆಂಟಿನಲ್ಲಿ ಆಟದ ವ್ಯವಹಾರ ಕಂಡರೆ ಫೈಲ್ ಅಲ್ಲೇ ನಿಲ್ಲಬಹುದು. ಹಳೆಯ ಕಾರ್ಡಿನ ಬಗ್ಗೆ ಕೇಳಿದರು, Closed ಎಂದು ಬರೆದ ಪತ್ರ ಕೊಟ್ಟೆ. ಸಾಲ ಆಯಿತು. ಬಡ್ಡಿ ನನ್ನ ಸಹೋದ್ಯೋಗಿಗೆ ಸಿಕ್ಕಿದ್ದಕ್ಕಿಂತ ಜಾಸ್ತಿ. ಹಳೆಯ DPD ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ, ಆ ಬಡ್ಡಿ ಅದರ ಬೆಲೆ.

ಕಂತು 2,900. ಕಾರ್ಡ್ ಬಾಕಿಗೆ ಎತ್ತಿಡುತ್ತಿದ್ದ 3,000, ಆ ಬಾಕಿ ತೀರಿದ ಮೇಲೆ ಉಳಿತಾಯಕ್ಕೆ ಹೋಗಿ ಸೇರುತ್ತಿತ್ತು. ಈಗ ಅಲ್ಲಿಂದ ಬೈಕಿನ ಕಂತಿಗೆ ಬಂದಿದೆ. ಕಟ್ ಆಗುವ ದಿನ 3ನೇ ತಾರೀಖು.